ವಾಯ್ಸ್ ಪ್ರೊಸೆಸ್‌ಗೆ ಬಂದ ರೆಸ್ಯೂಮೆ: ಎಲ್ಲಿ ಕಣ್ಣಿಡಬೇಕು?

ಮುಂಬಯಿಯ ಮಾಲಾಡ್, ನವಿಮುಂಬಯಿಯ ಐರೋಲಿ ಕಡೆಯ ಕಾಲ್ ಸೆಂಟರ್‌ಗಳಲ್ಲಿ ವಾಯ್ಸ್ ಪ್ರೊಸೆಸ್‌ಗೆ, ಅಂದರೆ ಫೋನ್ ಕರೆಯ ಕೆಲಸಕ್ಕೆ, ಹೊಸ ಟೀಮ್ ಲೀಡರ್‌ಗಳು ರೆಸ್ಯೂಮೆ ಆರಿಸುವ ರೀತಿ ನೋಡಿದರೆ ಸಂಕಟವಾಗುತ್ತದೆ. ‘ಉತ್ತಮ ಸಂವಹನ ಕೌಶಲ’, ‘ಯಾವ ಶಿಫ್ಟಿಗೂ ಸಿದ್ಧ’ ಎಂದಿದ್ದರೆ ಸಾಕು, ಕರೆದುಬಿಡುತ್ತಾರೆ. ತರಬೇತಿ ಮುಗಿಯುವಷ್ಟರಲ್ಲಿ ಹುಡುಗ ನಾಪತ್ತೆ. ಮೊದಲು ಆ ಎರಡು ಸಾಲುಗಳ ಮೇಲೆ ಗೀಟು ಎಳೆಯಿರಿ.

ಮುಂದೆ, ಅನುಭವ ಫೋನಿನದೋ ಚಾಟಿನದೋ ನೋಡಿ. ‘ಏಕಕಾಲಕ್ಕೆ ಮೂವರು ಗ್ರಾಹಕರು’ ಎಂದಿದ್ದರೆ ಅದು ಚಾಟ್. ಫೋನಿನಲ್ಲಿ ಒಬ್ಬರೇ ಸಿಗುವುದು.

ಮಾತಿನ ವಿಷಯಕ್ಕೆ ಬಂದರೆ, ರೆಸ್ಯೂಮೆಯ ಇಂಗ್ಲಿಷ್ ನಂಬಬೇಡಿ. ಹಣ ಕೊಟ್ಟು ಬರೆಸಿದವೆಲ್ಲ ಒಂದೇ ಅಚ್ಚಿನವು. ಯಾವ ಬಗೆಯ ದೂರು, ಯಾವ ಭಾಷೆಯ ಕರೆ ಎಂದು ಬರೆದಿದ್ದಾರೆಯೇ? ಮನೆಯಲ್ಲಿ ಕನ್ನಡ ಆಡುವುದು ಬೇರೆ, ಸಿಟ್ಟಾದ ಗ್ರಾಹಕನಿಗೆ ಬಿಲ್ಲಿನ ದಂಡವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ಬೇರೆ. ಕೊನೆಗೆ ಐದು ನಿಮಿಷ ಫೋನ್ ಮಾಡಿ, ಹಳೆಯ ಒಂದು ದೂರನ್ನು ವಿವರಿಸಲು ಹೇಳಿ. ವಿಡಿಯೊ ಬೇಡ, ಗ್ರಾಹಕನಿಗೆ ಮುಖ ಕಾಣುವುದಿಲ್ಲ.

ಎಲ್ಲರೂ ಎಡವುವುದು ಶಿಫ್ಟಿನಲ್ಲಿ. ವಿಳಾಸ, ಹಿಂದಿನ ಕೆಲಸದ ವೇಳೆ, ನಿಮ್ಮ ಶಿಫ್ಟ್ ಮುಗಿಯುವ ಗಳಿಗೆ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಒಂದು ಉದಾಹರಣೆ: ಅಭ್ಯರ್ಥಿ ಸೆಂಟ್ರಲ್ ಲೈನಿನ ದೂರದ ಬದಲಾಪುರದವರು, ಕಚೇರಿ ಮಾಲಾಡಿನಲ್ಲಿ, ಕೆಲಸ ಬ್ರಿಟನ್ ಗ್ರಾಹಕರದು. ಲಂಡನ್ನಿನ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30. ಒಂಬತ್ತು ಗಂಟೆಯ ಶಿಫ್ಟ್ ರಾತ್ರಿ 10.30ಕ್ಕೆ ಮುಗಿಯುತ್ತದೆ, ದಾದರಿನಲ್ಲಿ ಇಳಿದು ಸೆಂಟ್ರಲ್ ಲೈನಿನ ಲೋಕಲ್ ಹಿಡಿಯಬಹುದು. ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋದಾಗ ಇಲ್ಲಿ ಶಿಫ್ಟ್ ಮುಗಿಯುವುದು 11.30ಕ್ಕೆ. ಕೊನೆಯ ಕರೆ ಹದಿನೈದು ನಿಮಿಷ ಎಳೆದರೂ ಮನೆ ಸೇರುವ ಲೋಕಲ್ ಕೈತಪ್ಪುವ ಭಯ. ಜುಲೈಯಲ್ಲಿ ಸೇರಿದವರು ನವೆಂಬರಿನಲ್ಲಿ ಏಕೆ ಬಿಟ್ಟರೆಂದು ನೀವು ಕಾರಣ ಹುಡುಕುತ್ತಾ ಕೂರಬೇಕಿಲ್ಲ.

ಇದೇ ಅಭ್ಯರ್ಥಿ ಅಮೆರಿಕದ ಶಿಫ್ಟಿಗೆ ಸರಿಹೋಗಲೂಬಹುದು. ನಸುಕಿನ 3.30ಕ್ಕೆ ಮುಗಿದರೆ ಸ್ವಲ್ಪ ಹೊತ್ತಿನಲ್ಲೇ ಮೊದಲ ಲೋಕಲ್‌ಗಳು ಹೊರಡುತ್ತವೆ. ಆದ್ದರಿಂದ ‘ದೂರ’ ಎಂದು ರೆಸ್ಯೂಮೆಯನ್ನು ಬದಿಗೆ ಸರಿಸುವ ಮುನ್ನ ‘11.30ಕ್ಕೆ ಬಿಟ್ಟರೆ ಮನೆಗೆ ಹೇಗೆ ಹೋಗುತ್ತೀರಿ?’ ಎಂದು ಕೇಳಿ. ಹಿಂದೆ ಅಂಥ ವೇಳೆಯಲ್ಲಿ ದುಡಿದವರು ತಕ್ಷಣ ರೈಲು, ರಿಕ್ಷಾ, ನೆಂಟರ ಮನೆ ಎಂದು ಲೆಕ್ಕ ಒಪ್ಪಿಸುತ್ತಾರೆ. ‘ನೋಡಿಕೊಳ್ಳುತ್ತೇನೆ ಸರ್’ ಎಂದವರನ್ನು ನಾನು ಹಗಲಿನ ಪಟ್ಟಿಗೆ ಹಾಕುತ್ತೇನೆ.

ಮಹಿಳೆಯರಾದರೆ, ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯಂತೆ ರಾತ್ರಿ 9.30ರ ನಂತರದ ಕೆಲಸಕ್ಕೆ ಅವರ ಒಪ್ಪಿಗೆ ಬೇಕು. ಮನೆಯವರೆಗಿನ ಸಾರಿಗೆ, ಸುರಕ್ಷತೆ ಸಂಸ್ಥೆಯ ಹೊಣೆ. ರೆಸ್ಯೂಮೆಯ ‘ಸಿದ್ಧ’ ಎಂಬ ಪದ ಆ ಒಪ್ಪಿಗೆಯಲ್ಲ. ಕಚೇರಿಯ ಕ್ಯಾಬ್ ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ಸಾರಿಗೆ ವಿಭಾಗದಿಂದ ತಿಳಿದುಕೊಂಡೇ ಫೋನ್ ಎತ್ತಿ.