ತಪ್ಪು ಬಿಲ್ಲನ್ನು ಸಾಫ್ಟ್‌ವೇರ್ ತಡೆಯುತ್ತದೆಯೇ? ಪರೀಕ್ಷೆ ಮಾಡುವುದು ಹೀಗೆ

ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಆಡಿಟ್‌ಗೆ ಕೂತಿದ್ದೆವು. ನಮ್ಮಲ್ಲಿ ಸಿಎ ತರಬೇತಿಗೆ ಬಂದಿರುವ ಆರ್ಟಿಕಲ್ ಹುಡುಗ 25 ಖರೀದಿ ಬಿಲ್ ಆರಿಸಿ, ಪ್ರತಿಯೊಂದರ ಪರ್ಚೇಸ್ ಆರ್ಡರ್ ಮತ್ತು ಮಾಲು ಬಂದದ್ದಕ್ಕೆ ಮಾಡುವ ರಸೀದಿಯಾದ ಜಿಆರ್‌ಎನ್ ಹುಡುಕಿ ಹೊಂದಿಸಿ, ಎಲ್ಲದಕ್ಕೂ ಹಸಿರು ಟಿಕ್ ಹಾಕಿ ತಂದ. "ತ್ರೀ-ವೇ ಮ್ಯಾಚ್ ಕೆಲಸ ಮಾಡ್ತದೆ ಸರ್" ಅಂದ. ಆ 25 ಬಿಲ್ಲುಗಳೂ ಸರಿಯಾದವೇ. ತಪ್ಪು ಬಿಲ್ ಬಂದರೆ ಸಾಫ್ಟ್‌ವೇರ್ ಏನು ಮಾಡುತ್ತದೆ ಎಂಬುದಕ್ಕೆ ಆ ಹಾಳೆಗಳಲ್ಲಿ ಉತ್ತರವೇ ಇರಲಿಲ್ಲ. ಇದೇ ತಪ್ಪನ್ನು ಅನುಭವಿಗಳೂ ಮಾಡುವುದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ತ್ರೀ-ವೇ ಮ್ಯಾಚ್ ಅಂದರೆ ನಾವು ಕೊಟ್ಟ ಆರ್ಡರ್, ಗೋಡೌನ್‌ನವರು ವೇ-ಬ್ರಿಡ್ಜ್ ಚೀಟಿ ನೋಡಿ ಮಾಡಿದ ಜಿಆರ್‌ಎನ್, ಸಪ್ಲೈಯರ್ ಕಳಿಸಿದ ಬಿಲ್ — ಈ ಮೂರನ್ನೂ ಸಾಫ್ಟ್‌ವೇರೇ ತಾಳೆ ನೋಡಿ, ಹೊಂದದಿದ್ದರೆ ಪೇಮೆಂಟ್ ತಡೆಯುವುದು. ಮನುಷ್ಯರಂತೆ ಯಂತ್ರಕ್ಕೆ ಒಂದು ದಿನ ಮರೆವು, ಒಂದು ದಿನ ಆತುರ ಎಂದಿಲ್ಲ. ಹಾಗಾಗಿ 25 ಸ್ಯಾಂಪಲ್ ಬೇಡ, ಒಂದೊಂದು ಬಗೆಯ ತಪ್ಪಿಗೆ ಒಂದೊಂದು ಪರೀಕ್ಷೆ ಸಾಕು. ಆದರೆ ಆ ಒಂದು ಪರೀಕ್ಷೆ ತಪ್ಪು ಬಿಲ್ಲಿನದೇ ಆಗಿರಬೇಕು.

ಮೊದಲು ತಯಾರಿ

ಕಂಪನಿಯ ಸಾಫ್ಟ್‌ವೇರಿನ ಟೆಸ್ಟ್ ಕಾಪಿ ಕೇಳಿ. ಅದರ ಸೆಟ್ಟಿಂಗ್ ಪರದೆಯನ್ನೂ ಅಸಲಿ ಸಿಸ್ಟಮ್‌ನ ಸೆಟ್ಟಿಂಗ್ ಪರದೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಎರಡರ ಸ್ಕ್ರೀನ್‌ಶಾಟ್ ತೆಗೆದಿಡಿ. ಲಾಗಿನ್ ಆಗುವುದು ಬಿಲ್ ಎಂಟ್ರಿ ಮಾಡುವ ಗುಮಾಸ್ತರ ಹಕ್ಕುಗಳಿರುವ ಐಡಿಯಲ್ಲೇ. ಅಡ್ಮಿನ್ ಐಡಿಯಲ್ಲಿ ಮಾಡಿದ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಅಡ್ಮಿನ್‌ಗೆ ಅನೇಕ ಕಡೆ ತಡೆಯೇ ಇರುವುದಿಲ್ಲ, ಅಲ್ಲಿ ಸಿಗುವ ಫಲಿತಾಂಶದಿಂದ ಗುಮಾಸ್ತರ ಬಗ್ಗೆ ಏನೂ ತಿಳಿಯುವುದಿಲ್ಲ.

ಎಂಟ್ರಿ ತಪಾಸಣೆ

ಇದು ಅರ್ಧ ಗಂಟೆಯ ಕೆಲಸ. ಮೈನಸ್ ಪ್ರಮಾಣ ಹಾಕಿ, ಮುಂದಿನ ತಿಂಗಳ ತಾರೀಖು ಹಾಕಿ, 15 ಅಕ್ಷರದ ಜಿಎಸ್‌ಟಿಐಎನ್‌ನಲ್ಲಿ ನಡುವಿನ ಒಂದು ಅಂಕೆ ಬದಲಿಸಿ. ಕೊನೆಯ ಅಕ್ಷರ ಮೊದಲ 14ರಿಂದ ಲೆಕ್ಕ ಹಾಕಿ ಬರುವ ಚೆಕ್ ಅಕ್ಷರ, ಆದ್ದರಿಂದ ಒಳ್ಳೆಯ ಸಾಫ್ಟ್‌ವೇರ್ ಇದನ್ನು ಹಿಡಿಯಬೇಕು. ಉದ್ದ ಮಾತ್ರ ಎಣಿಸುವ ಸಾಫ್ಟ್‌ವೇರ್ ಹಿಡಿಯುವುದಿಲ್ಲ. ಬಿಲ್ ನಂಬರ್ ವಿಷಯದಲ್ಲಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಿ. `KB/118` ಎಂಟ್ರಿ ಮಾಡಿದ ಮೇಲೆ ಅದೇ ಬಿಲ್ಲನ್ನು `KB/0118` ಎಂದೂ, `KB-118` ಎಂದೂ, ಕೊನೆಗೊಂದು ಸ್ಪೇಸ್ ಬಿಟ್ಟೂ ಹಾಕಿ ನೋಡಿ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗುವ ದಾರಿ ಸಾಮಾನ್ಯವಾಗಿ ಇದೇ.

ಟಾಲರೆನ್ಸ್: ಎಲ್ಲರೂ ಎಡವುವ ಜಾಗ

ಹಸಿ ಗೇರುಬೀಜ ಒಣಗಿದ ಹಾಗೆ ತೂಕ ಇಳಿಯುತ್ತದೆ, ಸಪ್ಲೈಯರ್ ಕಾಂಟಾದ ತೂಕಕ್ಕೂ ನಮ್ಮ ವೇ-ಬ್ರಿಡ್ಜ್‌ನ ತೂಕಕ್ಕೂ ಚೂರು ವ್ಯತ್ಯಾಸ ಬರುತ್ತದೆ. ಹತ್ತು ಕೆಜಿಗೆಲ್ಲ ಬಿಲ್ ತಡೆದರೆ ಕಾರ್ಖಾನೆ ನಡೆಯುವುದಿಲ್ಲ. ಅದಕ್ಕಾಗಿ "ಬಂದ ಮಾಲಿಗಿಂತ ಬಿಲ್ 1% ಹೆಚ್ಚಿದ್ದರೂ ಬಿಡಬಹುದು" ಎಂಬಂತಹ ಮಿತಿ ಇಟ್ಟಿರುತ್ತಾರೆ. ಪರೀಕ್ಷೆ ನಡೆಯಬೇಕಾದದ್ದು ಈ ಮಿತಿಯ ಅಂಚಿನಲ್ಲಿ.

ಲೆಕ್ಕ ಹೀಗೆ. ಆರ್ಡರ್ 10,000 ಕೆಜಿ, ಕೆಜಿಗೆ ₹110. ಬಂದದ್ದು 9,000 ಕೆಜಿ. 9,000ದ 1% ಅಂದರೆ 90. ಹಾಗಾದರೆ 9,090 ಕೆಜಿಯ ಬಿಲ್ ಒಳಗೆ ಹೋಗಬೇಕು, 9,091ರದ್ದು ನಿಲ್ಲಬೇಕು. ಈ ಎರಡನ್ನೂ ಹಾಕಿ, ಆದರೆ ಪ್ರತಿ ಪರೀಕ್ಷೆಗೂ ಇದೇ ಅಳತೆಯ ಹೊಸ ಆರ್ಡರ್, ಹೊಸ ಜಿಆರ್‌ಎನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಹಿಂದಿನ ಬಿಲ್ಲಿನ ಕಾರಣಕ್ಕೇ ಮುಂದಿನದು ನಿಲ್ಲಬಹುದು. ಅನೇಕರು ಮಾಡುವ ಹಾಗೆ ಒಂದೇ ಸಲ 12,000 ಕೆಜಿಯ ಬಿಲ್ ಹಾಕಿ, ತಡೆಯಿತು ಎಂದು ಬರೆದು ಏಳಬೇಡಿ. ಅಷ್ಟು ದೊಡ್ಡ ತಪ್ಪನ್ನು ಯಾವ ಸಾಫ್ಟ್‌ವೇರಾದರೂ ಹಿಡಿದೀತು, ಮಿತಿ 1% ಇದೆಯೋ 10% ಇದೆಯೋ ಅದರಿಂದ ಗೊತ್ತಾಗುವುದಿಲ್ಲ.

9,091 ನಿಲ್ಲದಿದ್ದರೆ 9,100 ಹಾಕಿ, ಆಮೇಲೆ 9,101. ಮೊದಲನೆಯದು ಹೋಗಿ ಎರಡನೆಯದು ನಿಂತರೆ, ಸಾಫ್ಟ್‌ವೇರ್ 1% ಲೆಕ್ಕ ಹಾಕುತ್ತಿರುವುದು ಬಂದ 9,000ದ ಮೇಲಲ್ಲ, ಆರ್ಡರಿನ 10,000ದ ಮೇಲೆ. ಇಲ್ಲಿ ಆಗುವ ವ್ಯತ್ಯಾಸ ಬರೀ ಹತ್ತು ಕೆಜಿ. ಆದರೆ ಆರ್ಡರಿನ ಕಾಲು ಭಾಗ ಮಾಲು ಮಾತ್ರ ಬಂದ ದಿನ, ಅಂದರೆ 2,500 ಕೆಜಿಗೂ, ಅದೇ 100 ಕೆಜಿ ಬಿಟ್ಟುಕೊಡುತ್ತದೆ. ಆಗ ಅದು 4%.

ಮುಂದಿನದು ತುಂಡು ಬಿಲ್. ಇನ್ನೊಂದು ಹೊಸ ಜಿಆರ್‌ಎನ್‌ನ 9,000 ಕೆಜಿ ಮಾಲಿಗೆ ಮೊದಲು 5,000 ಕೆಜಿಯ ಬಿಲ್ ಹಾಕಿ. ಹೋಗುತ್ತದೆ, ಹೋಗಬೇಕು. ಮತ್ತೊಂದು 5,000ದ ಬಿಲ್ ಹಾಕಿ. ಇದು ನಿಲ್ಲಲೇಬೇಕು. ಪ್ರತಿ ಬಿಲ್ಲನ್ನೂ ಜಿಆರ್‌ಎನ್‌ಗೆ ಬಿಡಿಯಾಗಿ ಹೋಲಿಸುವ ಸಾಫ್ಟ್‌ವೇರ್ 5,000 ಎಂಬುದು 9,000ಕ್ಕಿಂತ ಕಡಿಮೆ ಎಂದುಕೊಂಡು ಬಿಟ್ಟುಬಿಡುತ್ತದೆ. ಒಟ್ಟು 10,000 ಆಯಿತು, ಆರ್ಡರಿಗೂ ಸರಿಹೋಯಿತು, ಯಾರ ಕಣ್ಣಿಗೂ ಬೀಳುವುದಿಲ್ಲ. ಬಾರದ 1,000 ಕೆಜಿಗೆ ₹1,10,000 ಕೊಟ್ಟಾಯಿತು.

ಪರದೆಯ ಮೇಲೆ ಎಚ್ಚರಿಕೆಯ ಮೆಸೇಜ್ ಕಂಡ ಕೂಡಲೇ ಖುಷಿಪಡಬೇಡಿ. ಅದೇ ಕಾರ್ಖಾನೆಯಲ್ಲಿ ಕೆಂಪು ಡಬ್ಬಿ ಬಂದದ್ದು ನೋಡಿ ನಮ್ಮ ಹುಡುಗ ತಡೆಯಿತು ಎಂದು ಬರೆಯಲು ಹೊರಟಿದ್ದ. ಪಕ್ಕದಲ್ಲಿದ್ದ ಅಕೌಂಟ್ಸಿನ ಅಕ್ಕ ಹೇಳಿದರು, "ಅದು ಯಾವಾಗಲೂ ಬರ್ತದೆ ಮಾರಾಯ. ಎಂಟರ್ ಒತ್ತಿದ್ರೆ ಆಯ್ತು." ಒತ್ತಿದ, ಬಿಲ್ ಸೇವ್ ಆಯಿತು. ಹೀಗಾಗಿ ಮೆಸೇಜ್ ಬಂದ ಮೇಲೂ ಮುಂದುವರಿಯಲು ಪ್ರಯತ್ನಿಸಿ. ಸೇವ್ ಆದರೆ ಅಷ್ಟಕ್ಕೇ ಸೋತಿತು ಎಂದೂ ಬರೆಯಬೇಡಿ. ಕೆಲವು ಸಾಫ್ಟ್‌ವೇರ್ ಬಿಲ್ಲನ್ನು ಒಳಗೆ ತೆಗೆದುಕೊಂಡು ಪೇಮೆಂಟ್ ಮಾತ್ರ ತಡೆಯುತ್ತವೆ, ಅದು ಸರಿಯಾದ ಕ್ರಮವೇ. ಪೇಮೆಂಟ್ ಪಟ್ಟಿ ತೆಗೆದು ಆ ಬಿಲ್ ಅದರಲ್ಲಿ ಬಂದಿದೆಯೇ ನೋಡಿ. ಆಮೇಲೆ ಆ ತಡೆಯನ್ನು ಅದೇ ಐಡಿಯಿಂದ ತೆಗೆಯಲು ಬರುತ್ತದೆಯೇ ನೋಡಿ. ಬಿಲ್ ಹಾಕಿದವರೇ ತಡೆ ತೆಗೆಯಬಹುದಾದರೆ ಆ ತಡೆ ಇದ್ದೂ ಇಲ್ಲದ ಹಾಗೆ.

ಮೂರೂ ಕಾಗದಗಳನ್ನು ಒಂದೇ ಪರದೆಯಲ್ಲಿ ತೋರಿಸಿ ಅದನ್ನೇ ತ್ರೀ-ವೇ ಮ್ಯಾಚ್ ಎಂದು ಮಾರುವ ಪ್ಯಾಕೇಜುಗಳಿವೆ. ಅಲ್ಲಿ ಹೊಂದಿಸುವುದು ಗುಮಾಸ್ತರ ಕಣ್ಣು, ಸಾಫ್ಟ್‌ವೇರ್ ಅಲ್ಲ. ಅಂತಹದ್ದನ್ನು ಕೊಳ್ಳಬೇಡಿ. ಕೊಂಡಾಗಿದ್ದರೆ ಅದನ್ನು ಮನುಷ್ಯರು ಮಾಡುವ ತಪಾಸಣೆ ಎಂದೇ ಲೆಕ್ಕ ಹಿಡಿದು ಹೆಚ್ಚು ಸ್ಯಾಂಪಲ್ ನೋಡಿ.

ಹಿಂಬಾಗಿಲು

ಎಕ್ಸೆಲ್‌ನಿಂದ ಒಟ್ಟಿಗೆ ಬಿಲ್ ಏರಿಸುವ ಸೌಲಭ್ಯ ಇದ್ದರೆ 9,091ರ ಬಿಲ್ಲನ್ನು ಆ ದಾರಿಯಲ್ಲೂ ಕಳಿಸಿ. ಆರ್ಡರ್ ನಂಬರೇ ಇಲ್ಲದೆ ನೇರವಾಗಿ ಅದೇ ಸಪ್ಲೈಯರಿಗೆ ಖರೀದಿ ಬಿಲ್ ಹಾಕಲು ಬಂದರೆ, ಮೇಲಿನ ತಡೆಗಳೆಲ್ಲ ಅಲ್ಲಿಗೆ ಅನ್ವಯಿಸುವುದಿಲ್ಲ. ವರ್ಷದಲ್ಲಿ ಹಾಗೆ ಬಂದ ಬಿಲ್ಲುಗಳ ಪಟ್ಟಿಯನ್ನು ಬೇರೆಯೇ ತೆಗೆಸಿ ನೋಡಬೇಕು.

ಸೆಟ್ಟಿಂಗ್ ಬದಲಾದದ್ದು ಯಾವಾಗ

ಇಷ್ಟೆಲ್ಲ ಪಾಸಾದರೂ ನಿಮಗೆ ಗೊತ್ತಾಗುವುದು ಇವತ್ತಿನ ಸಂಗತಿ ಮಾತ್ರ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಟಾಲರೆನ್ಸ್ ಬದಲಾದ ದಾಖಲೆ ಕೇಳಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ ಕಡ್ಡಾಯ. ಆದರೆ ವೋಚರ್ ತಿದ್ದಿದ್ದು ಲಾಗ್‌ನಲ್ಲಿ ಬಂದರೆ ಸೆಟ್ಟಿಂಗ್ ತಿದ್ದಿದ್ದೂ ಬಂದಿರುತ್ತದೆ ಎಂದುಕೊಳ್ಳಬೇಡಿ. ಟೆಸ್ಟ್ ಕಾಪಿಯಲ್ಲಿ ನೀವೇ 1 ಇದ್ದದ್ದನ್ನು 2 ಮಾಡಿಸಿ, ಲಾಗ್ ತೆರೆದು, ಯಾರು, ಯಾವಾಗ, ಎಷ್ಟಿದ್ದದ್ದು ಎಷ್ಟಾಯಿತು ಎಂಬುದು ಬಂದಿದೆಯೇ ನೋಡಿ.

ಇನ್ನೊಂದು ಕಂಪನಿಯಲ್ಲಿ ಹೀಗೆ ನೋಡಿದಾಗ ಒಂದು ಶುಕ್ರವಾರ ಸಂಜೆ 1 ಇದ್ದದ್ದು 10 ಆಗಿ, ಸೋಮವಾರ ಮಧ್ಯಾಹ್ನ ಮತ್ತೆ 1ಕ್ಕೆ ಬಂದಿತ್ತು. ಸಿಕ್ಕಿಕೊಂಡಿದ್ದ ಬಿಲ್ಲುಗಳನ್ನು ಬಿಡಿಸಲು ಮಾಡಿದ್ದು ಎಂದರು. ಅಂತಹ ಸಂದರ್ಭದಲ್ಲಿ ಆ ಎರಡು ಸಮಯಗಳ ನಡುವೆ ಎಂಟ್ರಿಯಾದ ಬಿಲ್ಲುಗಳನ್ನು ಒಂದೂ ಬಿಡದೆ ತೆಗೆಸಿ, ವೇ-ಬ್ರಿಡ್ಜ್ ಚೀಟಿ ಎದುರಿಟ್ಟು, ಕೈಯಲ್ಲೇ ತಾಳೆ ನೋಡಬೇಕು. ಅಲ್ಲಿ ಸ್ಯಾಂಪಲ್ ನಡೆಯುವುದಿಲ್ಲ.