ಸಂಪತ್ತು ತೆರಿಗೆ ಸರಿಯೋ ತಪ್ಪೋ: ಪ್ರಸ್ತಾವವನ್ನು ನೀವೇ ಅಳೆದು ನೋಡುವ ಬಗೆ

ಅತಿ ಶ್ರೀಮಂತರ ಆಸ್ತಿಯ ಮೇಲೆ ಪ್ರತಿವರ್ಷ ಶೇ 2ರಷ್ಟು ತೆರಿಗೆ ಹಾಕಬೇಕು ಎಂಬ ಪ್ರಸ್ತಾವ ಸುದ್ದಿಯಾದಾಗಲೆಲ್ಲ ಚರ್ಚೆ ಎರಡೇ ಮಾತಿಗೆ ಬಂದು ನಿಲ್ಲುತ್ತದೆ. ‘ಶೇ 2 ಅವರಿಗೆ ಯಾವ ಲೆಕ್ಕ?’ ಎಂದು ಒಬ್ಬರು ಕೇಳುತ್ತಾರೆ. ‘ಬಂಡವಾಳವೆಲ್ಲ ದೇಶ ಬಿಟ್ಟು ಹೋಗುತ್ತದೆ’ ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡರಲ್ಲೂ ಹುರುಳಿದೆ. ಎಷ್ಟು ಹುರುಳಿದೆ ಎಂಬುದು ಮಾತ್ರ ಆ ಪ್ರಸ್ತಾವದ ಒಳಗಿನ ವಿವರಗಳ ಮೇಲೆ ನಿಂತಿದೆ. ಪ್ರಸ್ತಾವವನ್ನು ಕೈಗೆತ್ತಿಕೊಂಡು ಯಾವ ಕ್ರಮದಲ್ಲಿ ಪ್ರಶ್ನೆ ಕೇಳಬೇಕು ಎಂಬುದನ್ನು ಇಲ್ಲಿ ನೋಡೋಣ.

1. ತೆರಿಗೆಯ ದರವನ್ನು ಗಳಿಕೆಯ ಪಕ್ಕದಲ್ಲಿಟ್ಟು ನೋಡಿ

ಆದಾಯ ತೆರಿಗೆ ವರ್ಷದ ಗಳಿಕೆಯ ಮೇಲೆ ಬೀಳುತ್ತದೆ. ಸಂಪತ್ತು ತೆರಿಗೆ ಬೀಳುವುದು ಇಡೀ ಗಂಟಿನ ಮೇಲೆ, ಅಂದರೆ ಒಟ್ಟು ಆಸ್ತಿಯಿಂದ ಸಾಲ ಕಳೆದು ಉಳಿದ ನಿವ್ವಳ ಸಂಪತ್ತಿನ ಮೇಲೆ. ಹಾಗಾಗಿ ಎರಡರ ದರಗಳನ್ನು ನೇರವಾಗಿ ಹೋಲಿಸಲು ಬರುವುದಿಲ್ಲ. ಮೊದಲು ಒಂದನ್ನು ಇನ್ನೊಂದರ ಅಳತೆಗೆ ತರಬೇಕು.

ತೆರಿಗೆಗೆ ಒಳಪಡುವ ಸಂಪತ್ತು 100 ಕೋಟಿ ಎಂದುಕೊಳ್ಳಿ. ಶೇ 2ರಂತೆ ತೆರಿಗೆ 2 ಕೋಟಿ. ಈ ಹಣವೆಲ್ಲ ಶೇ 4ರ ಬಡ್ಡಿ ಕೊಡುವ ಸರ್ಕಾರಿ ಬಾಂಡ್‌ಗಳಲ್ಲಿದ್ದರೆ ವರ್ಷದ ಗಳಿಕೆ 4 ಕೋಟಿ. ಅದರಲ್ಲಿ ಅರ್ಧ ಸಂಪತ್ತು ತೆರಿಗೆಗೇ ಹೋಯಿತು. ಬಡ್ಡಿಯ ಮೇಲೆ ಶೇ 30ರ ಆದಾಯ ತೆರಿಗೆಯೂ ಇದ್ದರೆ ಇನ್ನೂ 1.2 ಕೋಟಿ ಹೋಗಿ, ಕೈಯಲ್ಲಿ ಉಳಿಯುವುದು 80 ಲಕ್ಷ. ಹಣದುಬ್ಬರ ಶೇ 3 ಇದ್ದರೆ ಈ ವ್ಯಕ್ತಿ ಖರ್ಚೇ ಮಾಡದಿದ್ದರೂ ಅವರ ಸಂಪತ್ತಿನ ನಿಜ ಬೆಲೆ ಕರಗುತ್ತಿರುತ್ತದೆ. ಶೇ 2 ಎಂದರೆ ಚಿಲ್ಲರೆ ಮೊತ್ತ ಎನ್ನುವವರು ಈ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ.

ಅದೇ 100 ಕೋಟಿ, ಬೆಲೆ ವರ್ಷಕ್ಕೆ ಶೇ 10ರಷ್ಟು ಏರುವ, ಲಾಭಾಂಶ ಕೊಡದ ಷೇರುಗಳಲ್ಲಿದ್ದರೆ? ಸಂಪತ್ತು 10 ಕೋಟಿ ಹೆಚ್ಚಿತು. ಷೇರು ಮಾರದಿರುವುದರಿಂದ ಬಹುತೇಕ ದೇಶಗಳ ಕಾನೂನಿನ ಪ್ರಕಾರ ಆದಾಯ ಸೊನ್ನೆ, ಆದಾಯ ತೆರಿಗೆಯೂ ಸೊನ್ನೆ. ಇಲ್ಲಿ 2 ಕೋಟಿ ಸಂಪತ್ತು ತೆರಿಗೆ ಎಂದರೆ ಗಳಿಕೆಯ ಶೇ 20 ಮಾತ್ರ. ಸಂಬಳದ ಮೇಲೆ ಶೇ 30 ಕಟ್ಟುವ ಉದ್ಯೋಗಿಗಿಂತ ಅದು ಕಡಿಮೆಯೇ.

ತೆರಿಗೆಯ ಪರ ವಾದದ ಜೀವ ಇರುವುದು ಈ ಎರಡನೇ ಲೆಕ್ಕದಲ್ಲಿ. ಅತಿ ಶ್ರೀಮಂತರ ಸಂಪತ್ತಿನ ಬಹುಪಾಲು ತಾವೇ ಕಟ್ಟಿದ ಅಥವಾ ಪಿತ್ರಾರ್ಜಿತವಾಗಿ ಬಂದ ಕಂಪನಿಗಳ ಷೇರುಗಳಲ್ಲಿ ಇರುತ್ತದೆ. ಖರ್ಚಿಗೆ ಹಣ ಬೇಕಾದಾಗ ಷೇರು ಮಾರುವ ಅಗತ್ಯವೂ ಅವರಿಗಿಲ್ಲ, ಅದನ್ನೇ ಅಡವಿಟ್ಟು ಸಾಲ ತೆಗೆಯಬಹುದು. ಸಾಲ ಆದಾಯವಲ್ಲ. ಅಮೆರಿಕದಂಥ ದೇಶದಲ್ಲಿ ಮಾಲೀಕರು ತೀರಿಕೊಂಡಾಗ, ಅಲ್ಲಿಯವರೆಗಿನ ಬೆಲೆ ಏರಿಕೆ ಆದಾಯ ತೆರಿಗೆಯ ಲೆಕ್ಕದಿಂದ ಶಾಶ್ವತವಾಗಿ ಅಳಿಸಿಹೋಗುತ್ತದೆ. ವಾರಸುದಾರರ ಪಾಲಿಗೆ ಆ ದಿನದ ಮಾರುಕಟ್ಟೆ ಬೆಲೆಯೇ ಕೊಂಡ ಬೆಲೆಯಾಗುತ್ತದೆ. ಆದಾಯ ತೆರಿಗೆಯ ದರವನ್ನು ಎಷ್ಟು ಏರಿಸಿದರೂ ಈ ಹಣ ಅದರ ಕೈಗೆ ಸಿಗದು.

ತೆರಿಗೆಯ ವಿರುದ್ಧ ಬರುವ ತೂಕದ ಆಕ್ಷೇಪವೂ ಇಲ್ಲೇ ಹುಟ್ಟುತ್ತದೆ. ಒಂದೇ ದರದ ತೆರಿಗೆ ಕಡಿಮೆ ಗಳಿಸುವವರನ್ನು ಹೆಚ್ಚು ಹಿಂಡುತ್ತದೆ, ಹೆಚ್ಚು ಗಳಿಸುವವರನ್ನು ಹಗುರವಾಗಿ ಬಿಡುತ್ತದೆ. ಆಸ್ತಿಯನ್ನು ಸುಮ್ಮನೆ ಇಟ್ಟುಕೊಳ್ಳುವವರು ಅದನ್ನು ಚೆನ್ನಾಗಿ ದುಡಿಸುವವರಿಗೆ ಬಿಟ್ಟುಕೊಡುವಂತಾಗುವುದು ಒಳ್ಳೆಯದೇ ಎಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ಅದೃಷ್ಟದಿಂದ ಹೆಚ್ಚು ಗಳಿಸಿದವರಿಗೂ ಅದೇ ರಿಯಾಯಿತಿ ಏಕೆ ಎಂಬುದು ಎದುರು ಪಕ್ಷದವರ ಪ್ರಶ್ನೆ.

2. ನಗದಿಲ್ಲದ ಶ್ರೀಮಂತರ ಲೆಕ್ಕ ಹಾಕಿ

ವಿರೋಧಿಗಳು ಮುಂದಿಡುವ ಅತ್ಯಂತ ಗಟ್ಟಿ ಉದಾಹರಣೆ ಹೊಸ ಕಂಪನಿಯ ಸ್ಥಾಪಕರದು. ಅದನ್ನು ಬಿಡಿಸಿ ನೋಡೋಣ. ಹೂಡಿಕೆದಾರರು ಕಂಪನಿಗೆ 1,000 ಕೋಟಿ ಬೆಲೆ ಕಟ್ಟಿದ್ದಾರೆ. ಸ್ಥಾಪಕಿಯ ಪಾಲು ಶೇ 20, ಅಂದರೆ 200 ಕೋಟಿ. ಕಂಪನಿ ಇನ್ನೂ ನಷ್ಟದಲ್ಲಿದೆ, ಆಕೆಯ ಸಂಬಳ ವರ್ಷಕ್ಕೆ 50 ಲಕ್ಷ. ಮೊದಲ 50 ಕೋಟಿಗೆ ತೆರಿಗೆಯಿಲ್ಲ, ಉಳಿದದ್ದಕ್ಕೆ ಶೇ 2 ಎಂದಾದರೆ 150 ಕೋಟಿಯ ಮೇಲೆ 3 ಕೋಟಿ ಕಟ್ಟಬೇಕು.

ಸಂಬಳದಿಂದ ಅದು ಸಾಧ್ಯವಿಲ್ಲ, ಷೇರು ಮಾರಬೇಕು. ಮಾರಿದ ಲಾಭದ ಮೇಲೆ ಶೇ 20ರ ತೆರಿಗೆ ಇದ್ದರೆ 3 ಕೋಟಿ ಕೈಗೆ ಬರಲು 3.75 ಕೋಟಿಯ ಷೇರು ಹೋಗಬೇಕು. ಕಂಪನಿಯ ಬೆಲೆ ಏರದೆ ಇಳಿಯದೆ ಹಾಗೇ ನಿಂತರೆ, ಹತ್ತು ವರ್ಷದಲ್ಲಿ ಆಕೆಯ ಶೇ 20ರ ಪಾಲು ಸುಮಾರು ಶೇ 16.6ಕ್ಕೆ ಇಳಿಯುತ್ತದೆ. ಇಷ್ಟರಿಂದ ಯಾರ ಉದ್ಯಮವೂ ಮುಳುಗದು ಎಂದು ಬೆಂಬಲಿಗರು ಹೇಳಿದರೆ ಅದು ಒಪ್ಪುವ ಮಾತೇ. ಹೊಸ ಹೂಡಿಕೆದಾರರು ಬಂದಾಗ ಸ್ಥಾಪಕರ ಪಾಲು ಒಂದೇ ಸಲಕ್ಕೆ ಇದಕ್ಕಿಂತ ಹೆಚ್ಚು ಕುಗ್ಗುವುದು ಸಾಮಾನ್ಯ.

ನಿಜವಾದ ತೊಡಕು ಬೇರೆಡೆ ಇದೆ. ಷೇರುಪೇಟೆಯಲ್ಲಿ ನೋಂದಾಯಿಸದ ಕಂಪನಿಯ ಷೇರಿಗೆ ಬೇಕೆಂದ ದಿನ ಕೊಳ್ಳುವವರು ಸಿಗುವುದಿಲ್ಲ. ಮರುವರ್ಷ ಕಂಪನಿಯ ಬೆಲೆ ಅರ್ಧಕ್ಕೆ ಕುಸಿದರೆ, 1,000 ಕೋಟಿಯ ಲೆಕ್ಕದಲ್ಲಿ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ತೆರಿಗೆಯನ್ನು ಷೇರಿನ ರೂಪದಲ್ಲೇ ಸರ್ಕಾರಕ್ಕೆ ಕೊಡಬಹುದು ಎನ್ನುವುದು ಒಂದು ಪರಿಹಾರ. ಆಗ ಬೆಲೆ ಕುಸಿದರೆ ಆ ಪಾಲಿನ ನಷ್ಟ ಸರ್ಕಾರದ್ದೂ ಆಗುತ್ತದೆ. ಷೇರು ಮಾರುವವರೆಗೆ ಬಡ್ಡಿ ಸಮೇತ ಮುಂದೂಡುವುದು ಇನ್ನೊಂದು. ಪ್ರಸ್ತಾವದಲ್ಲಿ ಇವೆರಡರಲ್ಲಿ ಒಂದಾದರೂ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಸ್ಥಾಪಕಿಯ ದೂರು ನ್ಯಾಯವಾದದ್ದೇ.

3. ಬೆಲೆ ಕಟ್ಟುವವರು ಯಾರು, ಹೇಗೆ?

ಷೇರುಪೇಟೆಯಲ್ಲಿರುವ ಷೇರಿಗೆ ದಿನವೂ ಬೆಲೆ ಇದೆ. ಕುಟುಂಬದ ಕಂಪನಿ, ಕಲಾಕೃತಿ, ಜಮೀನಿಗೆ ಇಲ್ಲ. ನಾರ್ವೆಯಲ್ಲಿ ಷೇರುಪೇಟೆಯ ಹೊರಗಿನ ಕಂಪನಿಗಳನ್ನು ಅವುಗಳ ಲೆಕ್ಕಪತ್ರದ ಆಸ್ತಿಯ ಆಧಾರದ ಮೇಲೆ ಅಳೆಯುತ್ತಾರೆ. ಜಗಳ ಕಡಿಮೆ, ಆದರೆ ಹೆಸರು, ಗ್ರಾಹಕರ ನಂಬಿಕೆ, ಮುಂದಿನ ಲಾಭದ ನಿರೀಕ್ಷೆ ಇವು ಲೆಕ್ಕಕ್ಕೆ ಬರುವುದಿಲ್ಲ.

ಮೌಲ್ಯಮಾಪನ ಎಡವಿದರೆ ತೆರಿಗೆಯೇ ಬಿದ್ದುಹೋಗಬಹುದು. ಜರ್ಮನಿಯಲ್ಲಿ ಆಗಿದ್ದು ಅದೇ. ಅಲ್ಲಿ ಭೂಮಿ ಮತ್ತು ಕಟ್ಟಡಗಳಿಗೆ 1964ರ ಹಳೆಯ ಬೆಲೆಯನ್ನೇ ಹಿಡಿದು, ಷೇರು ಮತ್ತು ಠೇವಣಿಗಳಿಗೆ ಇಂದಿನ ಬೆಲೆಯನ್ನು ಹಿಡಿಯುತ್ತಿದ್ದರು. ಒಂದೇ ಮೊತ್ತದ ಆಸ್ತಿಯಿದ್ದ ಇಬ್ಬರಲ್ಲಿ ಮನೆಯಿದ್ದವರು ಕಡಿಮೆ, ಬಾಂಡ್ ಇದ್ದವರು ಹೆಚ್ಚು ಕಟ್ಟುವಂತಾಗಿತ್ತು. ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧ ಎಂದು 1995ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಹೇಳಿತು. ಎಲ್ಲ ಆಸ್ತಿಗೂ ಹೊಸದಾಗಿ ಬೆಲೆ ಕಟ್ಟುವ ಗೋಜಿಗೆ ಹೋಗದೆ, 1997ರಿಂದ ವಸೂಲಿಯನ್ನೇ ನಿಲ್ಲಿಸಲಾಯಿತು.

ಅಳತೆ ಸಡಿಲವಾಗಿದೆ ಎಂದು ತಿಳಿಯಲು ಒಂದು ಗುರುತಿದೆ. ತೆರಿಗೆ ಶುರುವಾಗುವ ಮಿತಿಗಿಂತ ಸ್ವಲ್ಪವೇ ಕೆಳಗೆ ಸಂಪತ್ತು ಘೋಷಿಸಿದವರ ಸಂಖ್ಯೆ ಅಸಹಜವಾಗಿ ಉಬ್ಬಿರುತ್ತದೆ. ಕೊಲಂಬಿಯಾದ ತೆರಿಗೆ ದಾಖಲೆಗಳಲ್ಲಿ ಸಂಶೋಧಕರು ಇದನ್ನು ಸ್ಪಷ್ಟವಾಗಿ ಕಂಡಿದ್ದಾರೆ.

4. ‘ಓಡಿಹೋಗುತ್ತಾರೆ’ ಎಂಬ ಮಾತನ್ನು ಬಿಡಿಸಿ ಕೇಳಿ

ಹೋಗುವುದು ಯಾರು, ಹೋಗುವುದು ಏನು? ನಾರ್ವೆ 2022ರಲ್ಲಿ ತೆರಿಗೆ ಏರಿಸಿದಾಗ ಉದ್ಯಮಿ ಶೆಲ್ ಇಂಗೆ ರೊಕ್ಕೆ ಸೇರಿದಂತೆ ಹಲವು ಶ್ರೀಮಂತರು ಸ್ವಿಟ್ಜರ್ಲೆಂಡಿಗೆ ವಾಸ ಬದಲಿಸಿದರು. ವಿಶೇಷವೆಂದರೆ ಸ್ವಿಟ್ಜರ್ಲೆಂಡಿನಲ್ಲೂ ಸಂಪತ್ತು ತೆರಿಗೆ ಇದೆ, ಆದರೆ ಖಾಸಗಿ ವ್ಯಕ್ತಿ ಷೇರು ಮಾರಿ ಪಡೆದ ಲಾಭಕ್ಕೆ ಸಾಮಾನ್ಯವಾಗಿ ತೆರಿಗೆ ಇಲ್ಲ. ಒಂದು ತೆರಿಗೆಯನ್ನು ಬಿಡಿಯಾಗಿ ನೋಡಿ ತೀರ್ಮಾನಿಸುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವಾಸ ಬದಲಿಸಿದವರು ಕಟ್ಟುತ್ತಿದ್ದ ತೆರಿಗೆ ನಾರ್ವೆಗೆ ಖೋತಾ ಆಯಿತು ನಿಜ. ಆದರೆ ಮಾಲೀಕರು ಹೋದರೆಂದು ಕಾರ್ಖಾನೆ ಜೊತೆಗೆ ಹೋಗುವುದಿಲ್ಲ. ಕಂಪನಿ ಅಲ್ಲಿದ್ದಷ್ಟು ಕಾಲ ಅದರ ಲಾಭದ ತೆರಿಗೆಯೂ ಅಲ್ಲೇ ಉಳಿಯುತ್ತದೆ. ದೇಶ ಬಿಡುವವರ ಷೇರುಗಳ ಬೆಲೆ ಏರಿಕೆಗೆ ಹಾಕುವ ನಿರ್ಗಮನ ತೆರಿಗೆಯನ್ನು ನಾರ್ವೆ ಆಮೇಲೆ ಬಿಗಿ ಮಾಡಿತು.

ಸ್ವಿಟ್ಜರ್ಲೆಂಡಿನ ಪ್ರಾಂತ್ಯಗಳನ್ನು ಹೋಲಿಸಿದ ಅಧ್ಯಯನದಲ್ಲಿ, ದರ ಒಂದು ಶೇಕಡಾ ಅಂಶ ಇಳಿದರೆ ಆರು ವರ್ಷದ ನಂತರ ಘೋಷಿತ ಸಂಪತ್ತು ಸುಮಾರು ಶೇ 43ರಷ್ಟು ಹೆಚ್ಚಾಗುವುದು ಕಂಡುಬಂದಿದೆ. ವಿರೋಧಿಗಳು ಈ ಅಂಕಿಯನ್ನು ಮುಂದಿಡುವುದು ಸರಿಯೇ, ಆದರೆ ‘ಘೋಷಿತ’ ಎಂಬ ಪದವನ್ನು ಬಿಡಬಾರದು. ಅಲ್ಲಿ ಬ್ಯಾಂಕುಗಳು ಗ್ರಾಹಕರ ಠೇವಣಿಯ ವಿವರವನ್ನು ದೇಶದೊಳಗಿನ ತೆರಿಗೆ ಕಚೇರಿಗೆ ತಾವಾಗಿ ಕಳಿಸುವುದಿಲ್ಲ. ತೆರಿಗೆದಾರ ತಾನೇ ಹೇಳಬೇಕು. ಪಕ್ಕದ ಪ್ರಾಂತ್ಯಕ್ಕೆ ಮನೆ ಬದಲಿಸುವುದೂ ದೇಶ ಬಿಟ್ಟಷ್ಟು ಕಷ್ಟವಲ್ಲ.

5. ವಿನಾಯಿತಿಯ ಪಟ್ಟಿಯನ್ನು ದರಕ್ಕಿಂತ ಹೆಚ್ಚು ಗಮನವಿಟ್ಟು ಓದಿ

ನನ್ನ ಮಟ್ಟಿಗೆ ಇಡೀ ಚರ್ಚೆ ತೀರ್ಮಾನವಾಗುವುದು ಇಲ್ಲಿ. ಮೇಲಿನ ಪ್ರತಿ ಆಕ್ಷೇಪಕ್ಕೂ ಒಂದೊಂದು ರಿಯಾಯಿತಿ ಕೊಡುತ್ತಾ ಹೋದರೆ ಕೊನೆಗೆ ಏನು ಉಳಿಯುತ್ತದೆ ಎಂಬುದನ್ನು ಫ್ರಾನ್ಸ್ ತೋರಿಸಿದೆ. ಅಲ್ಲಿನ ಹಳೆಯ ಸಂಪತ್ತು ತೆರಿಗೆಯಲ್ಲಿ, ಉದ್ಯಮಿಗೆ ತೊಂದರೆಯಾಗದಿರಲಿ ಎಂದು ಸ್ವಂತ ನಡೆಸುವ ಕಂಪನಿಯ ಷೇರುಗಳನ್ನು, ಕೆಲವು ಷರತ್ತುಗಳೊಂದಿಗೆ, ಬಿಟ್ಟರು. ಕಲಾಕೃತಿಗಳನ್ನೂ ಬಿಟ್ಟರು. ನಗದಿಲ್ಲದವರಿಗೆ ಹೊರೆಯಾಗದಿರಲಿ ಎಂದು ಒಬ್ಬರು ಕಟ್ಟುವ ಒಟ್ಟು ತೆರಿಗೆಯು ಅವರ ಆದಾಯದ ಶೇ 75ನ್ನು ಮೀರದಂತೆ ಮಿತಿ ಹಾಕಿದರು.

ಈ ಮಿತಿಯಿಂದ ಏನಾಯಿತು ನೋಡಿ. ಅತಿ ಶ್ರೀಮಂತರು ಲಾಭಾಂಶವನ್ನು ಕೈಗೆ ತೆಗೆದುಕೊಳ್ಳದೆ ತಮ್ಮ ಷೇರುಗಳನ್ನು ಇಡಲೆಂದೇ ಕಟ್ಟಿಕೊಂಡ ಹೋಲ್ಡಿಂಗ್ ಕಂಪನಿಯಲ್ಲಿ ಉಳಿಸಿದರು. ಆದಾಯ ಕಾಗದದ ಮೇಲೆ ಕುಗ್ಗಿತು, ಜೊತೆಗೆ ಸಂಪತ್ತು ತೆರಿಗೆಯೂ ಕುಗ್ಗಿತು. ಆ ಅನುಕೂಲವಿಲ್ಲದೆ ಮನೆ, ಠೇವಣಿ ಇಟ್ಟುಕೊಂಡಿದ್ದ ಕೆಳಹಂತದ ಶ್ರೀಮಂತರು ಪೂರ್ತಿ ಕಟ್ಟಿದರು. ಯಾರಿಗಾಗಿ ತೆರಿಗೆ ತಂದರೋ ಅವರನ್ನೇ ಅದು ಬಿಟ್ಟುಬಿಟ್ಟಿತು. 2018ರಲ್ಲಿ ಫ್ರಾನ್ಸ್ ಅದನ್ನು ಸ್ಥಿರಾಸ್ತಿಗೆ ಸೀಮಿತಗೊಳಿಸಿತು. ಭಾರತದ 1957ರ ಸಂಪತ್ತು ತೆರಿಗೆಯೂ 1990ರ ದಶಕದಿಂದ ಷೇರುಗಳನ್ನು ಹೊರಗಿಟ್ಟಿತ್ತು. 2013–14ರಲ್ಲಿ ಅದರಿಂದ ಬಂದದ್ದು 1,008 ಕೋಟಿ ರೂಪಾಯಿ ಮಾತ್ರ. 2015ರ ಬಜೆಟ್‌ನಲ್ಲಿ ಅದನ್ನು ಕೈಬಿಡಲಾಯಿತು.

ಸಂಪತ್ತು ತೆರಿಗೆ ಎಲ್ಲೆಡೆ ಸೋತಿದೆ ಎಂದು ಯಾರಾದರೂ ಹೇಳಿದರೆ, ಸೋತದ್ದು ಯಾವ ಆಸ್ತಿಯನ್ನು ಹೊರಗಿಟ್ಟ ತೆರಿಗೆ ಎಂದು ಕೇಳಿ. ಈ ಪಾಠದ ಮೇಲೆಯೇ ಫ್ರೆಂಚ್ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್‌ಮನ್ 2024ರಲ್ಲಿ ಜಿ20 ಗುಂಪಿಗೆ ಪ್ರಸ್ತಾವ ಕೊಟ್ಟರು. ನೂರು ಕೋಟಿ ಡಾಲರ್‌ಗಿಂತ ಹೆಚ್ಚು ಸಂಪತ್ತಿರುವ ಸುಮಾರು 3,000 ಜನ ಒಟ್ಟಾರೆ ತೆರಿಗೆಯಾಗಿ ವರ್ಷಕ್ಕೆ ಸಂಪತ್ತಿನ ಶೇ 2ರಷ್ಟಾದರೂ ಕಟ್ಟಬೇಕು, ಆದಾಯ ತೆರಿಗೆ ಕಟ್ಟಿದ್ದರೆ ಅದನ್ನು ಕಳೆದು ಉಳಿದದ್ದನ್ನು ಮಾತ್ರ ಕೊಡಬೇಕು ಎಂಬುದು ಅದರ ತಿರುಳು. ಆದಾಯ ತೆರಿಗೆಯ ರೂಪದಲ್ಲೇ ಅಷ್ಟು ಕಟ್ಟುತ್ತಿರುವವರಿಗೆ ಹೊಸ ಹೊರೆಯೇ ಇಲ್ಲ. ಮೊದಲ ಹೆಜ್ಜೆಯ ಬಾಂಡ್ ಲೆಕ್ಕದಲ್ಲಿ ಇದನ್ನು ಹಾಕಿ ನೋಡಿ: 1.2 ಕೋಟಿ ಆದಾಯ ತೆರಿಗೆ ಆಗಲೇ ಹೋಗಿರುವುದರಿಂದ ಹೆಚ್ಚುವರಿ 80 ಲಕ್ಷ ಕಟ್ಟಿದರೆ ಮುಗಿಯಿತು. ಏನೂ ಕಟ್ಟದ ಷೇರು ಮಾಲೀಕರು ಮಾತ್ರ ಪೂರ್ತಿ 2 ಕೋಟಿ ಕಟ್ಟಬೇಕು.

ಈ ರೂಪದ ತೆರಿಗೆಯನ್ನು ನಾನು ಬೆಂಬಲಿಸುತ್ತೇನೆ, ಸ್ಥಾಪಕಿಯ ಷೇರನ್ನೇ ತೆರಿಗೆಯಾಗಿ ಸ್ವೀಕರಿಸುವ ಕಲಮು ಅದರಲ್ಲಿ ಇರಬೇಕೆಂಬ ಷರತ್ತಿನೊಂದಿಗೆ. ಕಂಪನಿ ಷೇರುಗಳನ್ನು ಹೊರಗಿಟ್ಟ ಪ್ರಸ್ತಾವವಾದರೆ ಶೇ 2 ಇರಲಿ, ಶೇ 5 ಇರಲಿ, ನನ್ನ ವಿರೋಧವಿದೆ.