ಅಸಿಟನಿಲೈಡ್ 106ಕ್ಕೇ ಕರಗತೊಡಗಿದಾಗ: ಕಾರವಾರದ ಮಳೆಗಾಲದಲ್ಲಿ ಕರಗುವ ಬಿಂದುವನ್ನು ಓದುವ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದ ಪ್ರಯೋಗಾಲಯದಲ್ಲಿ ನೀರಿನಿಂದ ಮರುಸ್ಫಟಿಕೀಕರಿಸಿದ ಯಾವ ವಸ್ತುವೂ ಗಾಳಿಗೆ ಇಟ್ಟಷ್ಟಕ್ಕೇ ಒಣಗುವುದಿಲ್ಲ. ಬುಕ್ನರ್ ಫನೆಲ್‌ನಿಂದ ತೆಗೆದ ಅಸಿಟನಿಲೈಡ್ ಮರುದಿನ ಬೆಳಿಗ್ಗೆ ಕೈಗೆ ಅಂಟದೆ, ಹೊಳೆಯುವ ಹಾಳೆಗಳಂತೆ ಬಿಡಿಬಿಡಿಯಾಗಿ ಕಾಣುತ್ತದೆ. ಆದರೆ ಮಳೆಗಾಲದಲ್ಲಿ ಅಂಗಳದಿಂದ ಒಳಗೆ ತಂದ ಅಡಿಕೆಯ ಹಾಗೆ, ಮೇಲೆ ಒಣಗಿದಂತಿದ್ದು ಒಳಗೆ ಹಸಿಯಿರುತ್ತದೆ. ಅದನ್ನು ಕ್ಯಾಪಿಲರಿಗೆ ತುಂಬಿ ಕರಗಿಸಿದರೆ 103ಕ್ಕೆ ಶುರುವಾಗಿ 111ಕ್ಕೆ ಮುಗಿಯುತ್ತದೆ. ಪುಸ್ತಕದಲ್ಲಿರುವುದು 114.3 ಡಿಗ್ರಿ. ಹೀಗೆ ಹರಡಿ, ಕೆಳಗಿಳಿದ ಅಂಕಿ ಬಂದಾಗ ಅದು ನೀರಿನ ಕೆಲಸವೋ ನಿಜವಾದ ಕಶ್ಮಲದ್ದೋ ಎಂದು ನಾನು ಬೇರ್ಪಡಿಸುವ ಕ್ರಮ ಇದು.

ಮೊದಲು ಅಳತೆಯನ್ನೇ ಅನುಮಾನಿಸಬೇಕು. ಕರಗುವ ವ್ಯಾಪ್ತಿ ಒಂದು ಡಿಗ್ರಿಯೊಳಗೇ ಇದ್ದು, ಇಡೀ ವ್ಯಾಪ್ತಿ ಕೆಳಗೆ ಸರಿದಿದ್ದರೆ ನಾನು ಸ್ಯಾಂಪಲ್ಲನ್ನು ದೂರುವ ಮೊದಲು ಥರ್ಮಾಮೀಟರನ್ನು ನೋಡುತ್ತೇನೆ. ಥೀಲೆ ಟ್ಯೂಬಿನಲ್ಲಿ ಪಾದರಸದ ಕಂಬದ 80 ಡಿಗ್ರಿಯಷ್ಟು ಭಾಗ ಎಣ್ಣೆಯ ಹೊರಗಿದ್ದು, ಅದರ ಸರಾಸರಿ ಉಷ್ಣತೆ 40 ಡಿಗ್ರಿಯಾಗಿದ್ದರೆ, 113ರ ಓದಿಗೆ ಸೇರಿಸಬೇಕಾದ ತಿದ್ದುಪಡಿ 0.00016 × 80 × 73, ಅಂದರೆ ಸುಮಾರು 0.9 ಡಿಗ್ರಿ. ಶುದ್ಧ ಬೆಂಜೋಯಿಕ್ ಆಮ್ಲವನ್ನು (122.4) ಅದೇ ಥರ್ಮಾಮೀಟರಿನಲ್ಲಿ ಒಮ್ಮೆ ನೋಡಿದರೆ ಈ ಸಂಶಯ ತೀರುತ್ತದೆ. ವೇಗದ ವಿಚಾರವೂ ಇಲ್ಲೇ ಮುಗಿಯಲಿ. ಮೊದಲ ಕ್ಯಾಪಿಲರಿಯನ್ನು ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿ ಅಂದಾಜು ಪಡೆಯುತ್ತೇನೆ. ಎರಡನೆಯದನ್ನು, ಹೊಸ ಪುಡಿ ತುಂಬಿ, ನಿರೀಕ್ಷೆಗಿಂತ 15 ಡಿಗ್ರಿ ಕೆಳಗಿನಿಂದ ನಿಮಿಷಕ್ಕೆ 1ರಿಂದ 2 ಡಿಗ್ರಿಯಂತೆ ಏರಿಸುತ್ತೇನೆ. ತುಂಬುವ ಎತ್ತರ 2–3 ಮಿ.ಮೀ. ಸಾಕು. ಹೆಚ್ಚು ತುಂಬಿದರೆ ಶುದ್ಧ ವಸ್ತುವೂ ಅಗಲವಾಗಿ ಕರಗಿದಂತೆ ತೋರುತ್ತದೆ. ಒಮ್ಮೆ ಕರಗಿದ ಕ್ಯಾಪಿಲರಿಯನ್ನು ಮತ್ತೆ ಬಳಸುವುದಿಲ್ಲ.

ಆರಂಭವೂ ಕೊನೆಯೂ ಎರಡೂ ಕೆಳಗಿಳಿದಿದ್ದರೆ, ಕರಗಿದ ದ್ರವದಲ್ಲಿ ಏನೋ ಬೆರೆತಿದೆ ಎಂದರ್ಥ. ಅದು ಎಷ್ಟಿದೆ ಎಂದು ಲೆಕ್ಕ ಹಾಕಲು ಬರುತ್ತದೆ. ಈ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡಿದವರಿಗೆ ವ್ಯಾಪ್ತಿ ಯಾಕೆ ಅಗಲವಾಗುತ್ತದೆ ಎಂಬುದೂ ಅರ್ಥವಾಗುತ್ತದೆ.

ΔT = R·T²·x / ΔH

ಇಲ್ಲಿ R ಎಂದರೆ ಅನಿಲ ಸ್ಥಿರಾಂಕ, x ಎಂದರೆ ದ್ರವದಲ್ಲಿರುವ ಕಶ್ಮಲದ ಮೋಲ್ ಭಾಗ. ಅಸಿಟನಿಲೈಡಿನ ಕರಗುವಿಕೆಯ ಶಾಖ ಮೋಲಿಗೆ ಸುಮಾರು 21.6 ಕಿಲೋಜೂಲ್, T 387.5 ಕೆಲ್ವಿನ್. ಇವನ್ನು ಇಟ್ಟರೆ ದ್ರವದಲ್ಲಿ ನೂರಕ್ಕೆ ಒಂದು ಮೋಲ್ ಕಶ್ಮಲವಿದ್ದರೆ ಕರಗುವ ಬಿಂದು ಸುಮಾರು 0.58 ಡಿಗ್ರಿ ಇಳಿಯುತ್ತದೆ. ಸ್ಯಾಂಪಲ್ಲಿನಲ್ಲಿ ಒಟ್ಟು 3 ಮೋಲ್ ಪ್ರತಿಶತ ಕಶ್ಮಲವಿದೆ ಎಂದುಕೊಳ್ಳಿ. ಎಲ್ಲವೂ ಕರಗಿ ತಿಳಿಯಾದಾಗ ದ್ರವದಲ್ಲಿ ಅದರ ಪ್ರಮಾಣ 3 ಪ್ರತಿಶತ, ಆದ್ದರಿಂದ ಇಳಿತ 1.7 ಡಿಗ್ರಿ, ಕೊನೆಯ ಹರಳು ಮಾಯವಾಗುವುದು 112.6ರಲ್ಲಿ. ಆದರೆ ಐದನೇ ಒಂದು ಭಾಗ ಮಾತ್ರ ಕರಗಿದ್ದಾಗ ಕಶ್ಮಲವೆಲ್ಲ ಆ ಸ್ವಲ್ಪ ದ್ರವದಲ್ಲೇ ಸೇರಿಕೊಂಡಿರುತ್ತದೆ. ಅಲ್ಲಿ ಅದರ ಪ್ರಮಾಣ 15 ಪ್ರತಿಶತ, ಇಳಿತ ಸುಮಾರು 8.7 ಡಿಗ್ರಿ, ಉಷ್ಣತೆ 105.6. ನನ್ನ ಕಣ್ಣಿಗೆ ದ್ರವ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಆ ಹಂತದಲ್ಲಿ. ಹೀಗೆ ಕೊನೆ ಎರಡು ಡಿಗ್ರಿ ಮಾತ್ರ ಇಳಿದಿದ್ದರೂ ವ್ಯಾಪ್ತಿ ಏಳು ಡಿಗ್ರಿ ಅಗಲವಾಗುತ್ತದೆ.

ಇದರಿಂದ ನಾನು ಪಾಲಿಸುವ ಮಾತು ಒಂದೇ: ಶುದ್ಧತೆಯ ಪ್ರಮಾಣವನ್ನು ಅಂದಾಜಿಸಲು ಮೇಲಿನ ಅಂಕಿಯನ್ನು ನಂಬಬೇಕು. ಕೆಳಗಿನ ಅಂಕಿ ನೋಡುವ ಕಣ್ಣನ್ನು, ಬೆಳಕನ್ನು, ಪುಡಿಯ ನಯವನ್ನು ಅವಲಂಬಿಸುತ್ತದೆ. ಒಂದೇ ಸ್ಯಾಂಪಲ್ಲಿಗೆ ಇಬ್ಬರು ವಿದ್ಯಾರ್ಥಿಗಳು 104 ಮತ್ತು 107 ಎಂದು ಬರೆದರೆ ಇಬ್ಬರೂ ತಪ್ಪಲ್ಲ. ಆದರೆ ತಿಳಿಯಾದ ಉಷ್ಣತೆಯಲ್ಲಿ ಇಬ್ಬರೂ ಅರ್ಧ ಡಿಗ್ರಿಯೊಳಗೆ ಸೇರಬೇಕು.

ಈಗ ನೀರಿಗೆ ಬರೋಣ. ನೀರಿನ ಅಣು ಹಗುರ, ಮೋಲಿಗೆ 18 ಗ್ರಾಂ, ಅಸಿಟನಿಲೈಡ್ 135. ಹಾಗಾಗಿ 3 ಮೋಲ್ ಪ್ರತಿಶತ ನೀರೆಂದರೆ ತೂಕದಲ್ಲಿ 0.4 ಪ್ರತಿಶತ ಮಾತ್ರ, ಒಂದು ಗ್ರಾಮಿಗೆ 4 ಮಿಲಿಗ್ರಾಂ. ಬೆರಳಿಗೆ ತಾಗದಷ್ಟು ತೇವ ಇಷ್ಟು ಹಾಳು ಮಾಡಬಲ್ಲದು. ಇನ್ನೊಂದು ವಿಶೇಷವಿದೆ. ಅಸಿಟನಿಲೈಡ್ ನೀರಿನ ಜೊತೆಗಿದ್ದಾಗ 83 ಡಿಗ್ರಿಯ ಹೊತ್ತಿಗೇ ಎಣ್ಣೆಯಾಗಿ ಬೇರ್ಪಡುತ್ತದೆ. ಆ ಎಣ್ಣೆ ಹಿಡಿದಿಟ್ಟುಕೊಳ್ಳುವುದಕ್ಕಿಂತ ಹೆಚ್ಚು ನೀರಿದ್ದರೆ ಅದು ಪ್ರತ್ಯೇಕ ಪದರವಾಗಿ ನಿಲ್ಲುತ್ತದೆಯೇ ಹೊರತು ಬಿಂದುವನ್ನು ಇನ್ನಷ್ಟು ಇಳಿಸುವುದಿಲ್ಲ. ಆದ್ದರಿಂದ ಹಸಿ ಸ್ಯಾಂಪಲ್ಲಿನ ಗುರುತು 83–85ರ ಆಸುಪಾಸಿನಲ್ಲಿ ಸಿಗುತ್ತದೆ: ಪುಡಿ ಗಾಜಿನಿಂದ ಬಿಟ್ಟು ಕುಗ್ಗುತ್ತದೆ, ಕ್ಯಾಪಿಲರಿಯ ಮೇಲಿನ ತಂಪು ಭಾಗದಲ್ಲಿ ಸಣ್ಣ ಹನಿಗಳು ಮೂಡುತ್ತವೆ. ಆಮೇಲೆ ಏರುತ್ತ ಹೋದಂತೆ ನೀರು ಸ್ವಲ್ಪ ಹಾರಿಹೋಗುವುದರಿಂದ, ಮೇಲಿನ ಅಂಕಿ ಕೆಳಗಿನದರಷ್ಟು ಕೆಡುವುದಿಲ್ಲ. ಹೀಗಾಗಿ 75ರಿಂದಲೇ ಲೆನ್ಸ್ ಹಿಡಿದು ನೋಡುವುದು ಮಳೆಗಾಲದಲ್ಲಿ ನನ್ನ ರೂಢಿ.

ಒಂದು ಬ್ಯಾಚಿನ ಅಂಕಿಗಳನ್ನು ಹಾಗೇ ಕೊಡುತ್ತೇನೆ. ಒರಟು ಅಸಿಟನಿಲೈಡ್ 5 ಗ್ರಾಂ, ತಿಳಿ ಕಂದು. ಅದನ್ನು 70 ಮಿ.ಲೀ. ನೀರಿನಲ್ಲಿ ಕುದಿಸಲಾಗಿತ್ತು, ತಳದಲ್ಲಿ ಎಣ್ಣೆಯ ಹನಿಗಳು ಉಳಿದಿದ್ದರೂ ಅದನ್ನೇ ತಣಿಸಿ, ಸೋಸಿ, ರಾತ್ರಿ ಫಿಲ್ಟರ್ ಪೇಪರಿನ ಮೇಲೆ ಬಿಡಲಾಗಿತ್ತು. ಮೊದಲ ಓದು: 84ರಲ್ಲಿ ಕುಗ್ಗಿತು, ಮೇಲೆ ಹನಿ ಕಂಡಿತು, 103ರಲ್ಲಿ ದ್ರವ, 111.5ರಲ್ಲಿ ತಿಳಿ. ನೀರಿದೆ ಎಂಬುದಕ್ಕೆ ಹನಿಯೇ ಸಾಕ್ಷಿ. ಆದರೆ ನೀರು ಮಾತ್ರವೇ ಎಂಬುದನ್ನು ಈ ಓದು ಹೇಳುವುದಿಲ್ಲ.

ಹಾಗಾಗಿ ಒಂದು ಗ್ರಾಮಿನಷ್ಟನ್ನು ವಾಚ್ ಗ್ಲಾಸಿನಲ್ಲಿ ತೆಳುವಾಗಿ ಹರಡಿ, ತೂಗಿ, ವ್ಯಾಕ್ಯೂಮ್ ಡೆಸಿಕೇಟರಿನಲ್ಲಿ ಸಿಲಿಕಾ ಜೆಲ್ ಮೇಲೆ ಇರಿಸಿದ್ದಾಯಿತು. ಕರಾವಳಿಯಲ್ಲಿ ಜೆಲ್ಲಿನ ಬಣ್ಣ ನೋಡದೆ ಡೆಸಿಕೇಟರನ್ನು ನಂಬಬಾರದು. ನೀಲಿ ಗುಲಾಬಿಯಾಗಿದ್ದರೆ 120 ಡಿಗ್ರಿಯ ಓವನ್ನಿನಲ್ಲಿ ಕಾಯಿಸಿ ನೀಲಿ ಬರಿಸಿಕೊಂಡೇ ಇಡಬೇಕು. ತೂಕ ಎರಡು ಬಾರಿ ಒಂದೇ ಆಗುವವರೆಗೆ ಒಣಗಿಸಬೇಕು. ಒಂದು ರಾತ್ರಿ ಎಂಬ ಲೆಕ್ಕ ಇಲ್ಲಿ ಸಾಲದು. ಅವಸರಕ್ಕೆ 100 ಡಿಗ್ರಿಯ ಓವನ್ನಿಗೆ ಇಡುವವರನ್ನು ನಾನು ತಡೆಯುತ್ತೇನೆ, ಯಾಕೆಂದರೆ ಹಸಿ ಅಸಿಟನಿಲೈಡ್ ಅಲ್ಲಿ ಎಣ್ಣೆಯಾಗಿ, ತಣಿದಾಗ ಮಾತೃದ್ರವದ ಕಶ್ಮಲವನ್ನು ಒಳಗಿಟ್ಟುಕೊಂಡೇ ಗಟ್ಟಿಯಾಗುತ್ತದೆ. ಓವನ್ ಬಳಸಲೇಬೇಕಾದರೆ 60 ದಾಟಿಸುವುದಿಲ್ಲ.

ಒಣಗಿದ ಮೇಲೆ 84ರ ಕುಗ್ಗುವಿಕೆ ಇಲ್ಲ, ಹನಿ ಇಲ್ಲ. ಆದರೂ 106–112.5. ಮೇಲಿನ ಅಂಕಿ 1.8 ಡಿಗ್ರಿ ಕೆಳಗಿದೆ, ಅಂದರೆ ಸುಮಾರು 3 ಮೋಲ್ ಪ್ರತಿಶತ ಕಶ್ಮಲ ಉಳಿದಿದೆ. "ಸರ್, ಒಣಗಿದ ಮೇಲೂ ಸರಿಯಾಗಲಿಲ್ಲವಲ್ಲ?" ಎಂಬ ಪ್ರಶ್ನೆ ಸಹಜ. ಕಾರಣ ಆ ಎಣ್ಣೆಯ ಹನಿಗಳಲ್ಲಿದೆ. ಕುದಿಯುವ ನೀರು 100 ಮಿ.ಲೀ.ಗೆ ಸುಮಾರು 5.5 ಗ್ರಾಂ ಕರಗಿಸುತ್ತದೆ, 70 ಮಿ.ಲೀ.ನಲ್ಲಿ 3.9 ಗ್ರಾಂ ಕರಗಿ, ಉಳಿದ ಒಂದು ಗ್ರಾಮಿಗೂ ಹೆಚ್ಚು ಎಣ್ಣೆಯಾಗಿಯೇ ಇತ್ತು. ತಯಾರಿಕೆಗೆ ಬಳಸಿದ ಅನಿಲಿನ್ ಉತ್ಕರ್ಷಣಗೊಂಡು ಬಂದ ಕಂದು ವಸ್ತುಗಳು ನೀರಿಗಿಂತ ಆ ಎಣ್ಣೆಯಲ್ಲೇ ಹೆಚ್ಚು ಕರಗುತ್ತವೆ. ಎಣ್ಣೆ ಗಟ್ಟಿಯಾದಾಗ ಅದು ಹರಳಾಗಿ ಬೆಳೆದದ್ದಲ್ಲ, ಹೆಪ್ಪುಗಟ್ಟಿದ್ದು. ಶುದ್ಧೀಕರಣ ನಡೆಯಲೇ ಇಲ್ಲ.

ಉಳಿದದ್ದನ್ನು, ಗ್ರಾಮಿಗೆ 24 ಮಿ.ಲೀ. ಲೆಕ್ಕದಲ್ಲಿ ನೀರು ಹಾಕಿ ಮತ್ತೆ ಕುದಿಸಲಾಯಿತು. ಎಣ್ಣೆ ಪೂರ್ತಿ ಮಾಯವಾದ ಮೇಲೆ ಉರಿಯಿಂದ ಇಳಿಸಿ, ಕುದಿ ನಿಂತ ಬಳಿಕ ಚಿಟಿಕೆ ಇದ್ದಿಲು. ಕುದಿಯುವಾಗಲೇ ಹಾಕಿದರೆ ಉಕ್ಕಿ ಚೆಲ್ಲುತ್ತದೆ. ಬಿಸಿ ಫನೆಲ್‌ನಲ್ಲಿ ಸೋಸಿ, ಮುಚ್ಚಿಟ್ಟು ನಿಧಾನವಾಗಿ ತಣಿಸಿ, ಕೊನೆಗೆ ಮಂಜುಗಡ್ಡೆ ನೀರಿನಲ್ಲಿಟ್ಟು, ಫನೆಲ್ ಮೇಲೆಯೇ ತಣ್ಣೀರಿನಲ್ಲಿ ಎರಡು ಬಾರಿ ತೊಳೆದದ್ದು. ಹೆಚ್ಚು ನೀರು ಬಳಸಿದ್ದಕ್ಕೆ ಬೆಲೆಯಿದೆ: 25 ಡಿಗ್ರಿಯಲ್ಲೂ 100 ಮಿ.ಲೀ. ನೀರು ಅರ್ಧ ಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. ಆ ನಷ್ಟವನ್ನು ಒಪ್ಪಿಕೊಳ್ಳಬೇಕು. ಒಣಗಿದ ಬಳಿಕ ಓದು 113–114. ಮೊದಲಿನ ಒಣ ಪುಡಿಯ ಪಕ್ಕ ಇದೇ ಉಷ್ಣಕದಲ್ಲಿ ಎರಡು ಕ್ಯಾಪಿಲರಿ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ.

ಎರಡನೇ ಸಲವೂ ಮೇಲಿನ ಅಂಕಿ ಏರದೆ ನಿಂತರೆ ಮೂರನೇ ಮರುಸ್ಫಟಿಕೀಕರಣಕ್ಕೆ ಕೈ ಹಾಕುವ ಮೊದಲು ಇದು ನಾವೆಣಿಸಿದ ವಸ್ತುವೇ ಎಂದು ಕೇಳಿಕೊಳ್ಳಬೇಕು. ಶುದ್ಧ ಅಸಿಟನಿಲೈಡ್ ಜೊತೆ ಅರೆದು, ಮಿಶ್ರ ಕರಗುವ ಬಿಂದು ನೋಡುತ್ತೇನೆ. ಒಂದೇ ವಸ್ತುವಾದರೆ ಮಿಶ್ರಣ ಎರಡರ ನಡುವೆ ಕರಗುತ್ತದೆ. ಬೇರೆಯಾದರೆ ಎರಡಕ್ಕಿಂತಲೂ ಕೆಳಗೆ ಹೋಗುತ್ತದೆ. ಸಿನ್ನಮಿಕ್ ಆಮ್ಲವೂ ಯೂರಿಯಾವೂ ಬೇರೆಬೇರೆಯಾಗಿ 133ರ ಹತ್ತಿರ ಕರಗಿದರೂ ಬೆರೆಸಿದಾಗ ಅದಕ್ಕಿಂತ ಎಷ್ಟೋ ಕೆಳಗೆ ಕರಗುವುದನ್ನು ತೋರಿಸಿದರೆ ವಿದ್ಯಾರ್ಥಿಗಳಿಗೆ ಇದು ಮರೆಯುವುದಿಲ್ಲ.

ಘಟ್ಟದ ಮೇಲೆ ಶಿರಸಿಯಲ್ಲಿ ನೀರು 98ರ ಆಸುಪಾಸಿಗೇ ಕುದಿಯುವುದರಿಂದ ಅಲ್ಲಿನವರು ಕರಗುವ ಬಿಂದುವಿಗೂ ತಿದ್ದುಪಡಿ ಬೇಕೇ ಎಂದು ಕೇಳುವುದುಂಟು. ಬೇಡ. ಗಾಳಿಯ ಒತ್ತಡದ ಅಷ್ಟು ವ್ಯತ್ಯಾಸ ಘನವಸ್ತು ಕರಗುವುದನ್ನು ಅಳೆಯಲಾಗುವಷ್ಟು ಬದಲಿಸುವುದಿಲ್ಲ.

ಈ ಪರೀಕ್ಷೆಗೆ ಕಾಣದ ಕಶ್ಮಲವೂ ಇದೆ. ಕರಗಿದ ದ್ರವದಲ್ಲಿ ಬೆರೆಯದ ಯಾವುದೂ ಬಿಂದುವನ್ನು ಇಳಿಸುವುದಿಲ್ಲ. ಸಿದ್ಧತೆಯಲ್ಲಿ ಬಳಸಿದ ಸೋಡಿಯಂ ಅಸಿಟೇಟ್, ಇದ್ದಿಲಿನ ಕಣ, ಫಿಲ್ಟರ್ ಪೇಪರಿನ ನಾರು, ನಲ್ಲಿ ನೀರಿನ ಲವಣ ಇವೆಲ್ಲ ಉಳಿದಿದ್ದರೂ ಓದು 113–114 ಎಂದೇ ಬರುತ್ತದೆ. ಅದಕ್ಕೇ ತಿಳಿಯಾದ ಮೇಲೂ ಕ್ಯಾಪಿಲರಿಯನ್ನು ತಕ್ಷಣ ತೆಗೆಯದೆ, ದ್ರವದ ತಳದಲ್ಲಿ ಮಸುಕು ಕಣಗಳು ನಿಂತಿವೆಯೇ ಎಂದು ನೋಡುತ್ತೇನೆ. ಸಂಶಯವಿದ್ದರೆ ಚಿಟಿಕೆ ಪುಡಿಯನ್ನು ಸ್ಪಾಚುಲಾದ ತುದಿಯಲ್ಲಿ ಫ್ಯೂಮ್ ಹುಡ್‌ನಡಿ ಪೂರ್ತಿ ಸುಡುತ್ತೇನೆ. ಅಸಿಟನಿಲೈಡ್ ಮಸಿಹೊಗೆ ಬಿಟ್ಟು ಉರಿದುಹೋಗುತ್ತದೆ. ಕರಿಯೂ ಸುಟ್ಟುಹೋದ ಮೇಲೆ ಬಿಳಿ ಬೂದಿ ಉಳಿದರೆ ಅದು ಲವಣ, ಮತ್ತು ಹರಳನ್ನು ಫನೆಲ್ ಮೇಲೆ ಸರಿಯಾಗಿ ತೊಳೆದಿಲ್ಲ.